2ⁿ > n² ಅನುಗಮನ ಸಾಧನೆಯಲ್ಲಿ ತಪ್ಪೆಲ್ಲಿದೆ?

ಪ್ರಶ್ನೆ: n ≥ 5 ಇದ್ದಾಗ 2ⁿ > n² ಎಂದು ಗಣಿತೀಯ ಅನುಗಮನದಿಂದ ಸಾಧಿಸಿದ್ದೇನೆ. ಕೈಬರಹದ ಪುಟದ ಚಿತ್ರ ಹಾಕಿದ್ದೇನೆ. ಲೆಕ್ಕಾಚಾರದಲ್ಲಿ ತಪ್ಪು ಕಾಣುತ್ತಿಲ್ಲ, ಆದರೂ ಅರ್ಧದಷ್ಟು ಅಂಕ ಹೋಗಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ:

ನಿಮ್ಮ ಬೀಜಗಣಿತ ಸರಿಯಾಗಿದೆ. ತಪ್ಪಿರುವುದು ಅದನ್ನು ಜೋಡಿಸಿರುವ ಕ್ರಮದಲ್ಲಿ.

ಮೊದಲ ಸಾಲಿನಲ್ಲಿ n = 1 ಇಟ್ಟು 2 > 1 ಎಂದು ತೋರಿಸಿದ್ದೀರಿ. ಅದು ನಿಜವೇ, ಆದರೆ ಹೇಳಿಕೆ ಆರಂಭವಾಗುವುದು 5ರಿಂದ. ಆದ್ದರಿಂದ ಆಧಾರ ಹಂತದಲ್ಲಿ 32 > 25 ಎಂಬುದೇ ಇರಬೇಕು.

ಎರಡನೆಯ ಸಾಲಿನಲ್ಲಿ "ಎಲ್ಲ k ಗಳಿಗೂ 2ᵏ > k² ಎಂದು ಊಹಿಸೋಣ" ಎಂದಿದೆ. ಸಾಧಿಸಬೇಕಾದದ್ದನ್ನೇ ಊಹಿಸಿದ ಮೇಲೆ ಸಾಧಿಸಲು ಏನೂ ಉಳಿಯುವುದಿಲ್ಲ. "k ≥ 5 ಆಗಿರುವ ಯಾವುದಾದರೂ ಒಂದು k ಗೆ" ಎಂದು ಬರೆಯಿರಿ.

ಹೆಚ್ಚು ಅಂಕ ಹೋಗಿರುವುದು ಬಹುಶಃ ಮೂರನೆಯ ಭಾಗದಲ್ಲಿ. ಅಲ್ಲಿ 2ᵏ⁺¹ > (k+1)² ಎಂಬುದನ್ನೇ ಮೇಲೆ ಬರೆದು, ಎಡಬದಿಯ 2·2ᵏ ಬದಲು 2k² ಇಟ್ಟು, ಕೊನೆಗೆ (k−1)² > 2 ಎಂಬಲ್ಲಿಗೆ ಇಳಿದು, "ಇದು ನಿಜ, ಆದ್ದರಿಂದ ಸಾಧಿತವಾಯಿತು" ಎಂದಿದ್ದೀರಿ. ಆದರೆ ದೊಡ್ಡ ಸಂಖ್ಯೆಯೊಂದು (k+1)²ಗಿಂತ ಹೆಚ್ಚಿದ್ದ ಮಾತ್ರಕ್ಕೆ, ಅದರ ಜಾಗದಲ್ಲಿ ಇಟ್ಟ ಚಿಕ್ಕ ಸಂಖ್ಯೆಯೂ ಹೆಚ್ಚಿರಬೇಕೆಂದಿಲ್ಲವಾದ್ದರಿಂದ, ಮೇಲಿನಿಂದ ಕೆಳಕ್ಕೆ ಈ ಹೆಜ್ಜೆ ನಿಲ್ಲುವುದಿಲ್ಲ. ಅದೇ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಮಾತ್ರ ವಾದ ಸರಿಹೋಗುತ್ತದೆ. ಹೀಗೆ ಬರೆಯಬಹುದು:

k ≥ 5 ಆದ್ದರಿಂದ (k−1)² ≥ 16 > 2, ಅಂದರೆ k² − 2k − 1 > 0. ಎರಡೂ ಬದಿಗೆ (k+1)² ಕೂಡಿಸಿದರೆ 2k² > (k+1)² ಸಿಗುತ್ತದೆ. ಊಹೆಯ ಪ್ರಕಾರ 2ᵏ > k² ಆಗಿರುವುದರಿಂದ

2ᵏ⁺¹ = 2·2ᵏ > 2k² > (k+1)².

ಈ ಸರಪಳಿಯ ಮೊದಲ ">" ಚಿಹ್ನೆಯ ಕೆಳಗೆ "ಊಹೆಯಿಂದ" ಎಂದೂ ಎರಡನೆಯದರ ಕೆಳಗೆ "k ≥ 5 ರಿಂದ" ಎಂದೂ ಬರೆಯಿರಿ. ಮೌಲ್ಯಮಾಪಕರು ಹುಡುಕುವುದು ಇವೆರಡನ್ನೇ. ಊಹೆಯನ್ನು ಎಲ್ಲಿ ಬಳಸಿದೆ ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ ಎಲ್ಲೋ ಎಡವಿರುವ ಸಾಧ್ಯತೆಯೇ ಹೆಚ್ಚು.

n = 1 ಏಕೆ ಸಾಲದು ಎಂಬ ಸಂಶಯ ಇನ್ನೂ ಇದ್ದರೆ ಸಣ್ಣ ಬೆಲೆಗಳನ್ನು ಹಾಕಿ ನೋಡಿ. (k−1)² > 2 ಎಂಬುದು k = 1 ಮತ್ತು 2ರಲ್ಲಿ ಸುಳ್ಳು, 3ರಿಂದ ಮುಂದಕ್ಕೆ ನಿಜ. ಹೇಳಿಕೆಯಾದರೋ 1ರಲ್ಲಿ ನಿಜವಾಗಿ, 2ರಲ್ಲಿ 4 = 4, 3ರಲ್ಲಿ 8 < 9, 4ರಲ್ಲಿ 16 = 16 ಆಗಿ ಸತತವಾಗಿ ಸೋಲುತ್ತದೆ. ಅಂದರೆ 1ರಲ್ಲಿ ಆಧಾರವಿದ್ದರೂ ಅಲ್ಲಿಂದ 2ಕ್ಕೆ ದಾಟುವ ಹೆಜ್ಜೆಯಿಲ್ಲ. 3 ಮತ್ತು 4ರಲ್ಲಿ ಹೆಜ್ಜೆಗೆ ಬೇಕಾದ ಅಸಮತೆಯಿದ್ದರೂ ಆಧಾರವಿಲ್ಲ. ಇವೆರಡೂ ಮೊದಲ ಬಾರಿಗೆ ಕೂಡಿ ಬರುವುದು 5ರಲ್ಲಿ.