ದೇವರು ನ್ಯಾಯವಂತ, ಶಕ್ತಿವಂತ ಅಂದ್ರೆ ಕಷ್ಟ ಯಾಕೆ?

ಪ್ರಶ್ನೆ: ದೇವರು ನ್ಯಾಯವಂತ, ಎಲ್ಲ ಶಕ್ತಿಯೂ ಇರುವವನು ಅಂದ್ರೆ ಜನ ಯಾಕೆ ಕಷ್ಟಪಡಬೇಕು?

ಶಂಕರಾಚಾರ್ಯರ ಉತ್ತರ ನೇರ: ದೇವರು ಸುಖದುಃಖವನ್ನು ಮನಸ್ಸಿಗೆ ಬಂದಂತೆ ಹಂಚುವುದಿಲ್ಲ, ಜೀವಿಗಳ ಕರ್ಮ ನೋಡಿ ಕೊಡುತ್ತಾನೆ. ಬ್ರಹ್ಮಸೂತ್ರ 2.1.34ರ ಭಾಷ್ಯದಲ್ಲಿ ಅವರು ಮಳೆಯ ಹೋಲಿಕೆ ಕೊಡುತ್ತಾರೆ. ಭತ್ತಕ್ಕೂ ಬಾರ್ಲಿಗೂ ಬೀಳುವುದು ಅದೇ ಮಳೆ. ಮಳೆ ಇಲ್ಲದೆ ಯಾವುದೂ ಮೊಳೆಯದು. ಆದರೆ ಒಂದು ಭತ್ತವಾಗಿ, ಇನ್ನೊಂದು ಬಾರ್ಲಿಯಾಗಿ ಬೆಳೆಯುವುದು ಬೀಜದಿಂದ.

ಹಾಗಾದರೆ ಮೊದಲ ಸೃಷ್ಟಿಯಲ್ಲಿ ಕರ್ಮ ಎಲ್ಲಿತ್ತು? ಮುಂದಿನ ಸೂತ್ರದಲ್ಲೇ ಈ ಆಕ್ಷೇಪ ಇದೆ. ಬೀಜ ಮೊದಲೋ ಮರ ಮೊದಲೋ ಎಂಬಂತೆ ಸಂಸಾರಕ್ಕೆ ಆರಂಭವೇ ಇಲ್ಲ ಎಂಬುದು ಅಲ್ಲಿನ ಉತ್ತರ. ನನಗೆ ಇದು ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿದಂತೆ ಕಾಣುತ್ತದೆ. ಜ್ವರದಲ್ಲಿ ನರಳುವ ಕೂಸಿನ ಹಾಸಿಗೆ ಪಕ್ಕ ಕೂತ ತಾಯಿಗೆ ಈ ಲೆಕ್ಕ ಸಾಕಾಗಲ್ಲ, ಅಲ್ವಾ?

ಅಕ್ಕಮಹಾದೇವಿ ಕಾರಣ ಕೇಳುವುದೇ ಇಲ್ಲ. ಕಡಿದು ತೇದರೆ ಗಂಧದ ಕೊರಡು ನೊಂದೆನೆಂದು ತನ್ನ ಕಂಪನ್ನು ತೊರೆಯುತ್ತದೆಯೇ ಎಂದು ಒಂದು ವಚನದಲ್ಲಿ ಕೇಳಿ, ತನ್ನ ಹಳೆಯ ಪಾಪಗಳನ್ನು ಎದುರಿಗೆ ತಂದಿಟ್ಟರೆ ಹಾನಿ ನಿನಗೇ ಎಂದು ಚೆನ್ನಮಲ್ಲಿಕಾರ್ಜುನನಿಗೇ ಹೇಳುತ್ತಾಳೆ. ಕೊಂದರೂ ಶರಣೆನ್ನುವುದನ್ನು ಬಿಡೆ ಎನ್ನುತ್ತಾಳೆ.