ಅಮ್ಮನ ಜೊತೆ ಒಂದು ವರ್ಷ: ‘ಫೋರ್ ಓವರ್ ಫೈವ್’ ಲೆಕ್ಕ

*ಸಂಪಾದಕರೇ, ನಾನು ಒಂಟಾರಿಯೊದ ಶಾಲೆಯೊಂದರಲ್ಲಿ ಟೀಚರ್. ನಮ್ಮ ಶಾಲೆಗಳನ್ನು ನಡೆಸುವ ಬೋರ್ಡ್‌ನಲ್ಲಿ ‘ಫೋರ್ ಓವರ್ ಫೈವ್’ ಇದೆ. ನಾಲ್ಕು ವರ್ಷ ಶೇ. 80 ಸಂಬಳ ತಗೊಂಡ್ರೆ ಐದನೇ ವರ್ಷ ಸಂಬಳದ ಜೊತೆಗೇ ರಜೆ. ಮೈಸೂರಿನಲ್ಲಿ ಅಮ್ಮನಿಗೆ 78. ಆ ವರ್ಷ ಅವರ ಜೊತೆ ಇರುವ ಆಸೆ. ಅಲ್ಲೇ ಪಾಠ ಹೇಳಿ ಒಂದಿಷ್ಟು ದುಡಿಯಬಹುದಾ? ಮನಸ್ಸಾದರೆ ಅಲ್ಲೇ ಉಳಿದುಬಿಡಬಹುದಾ?*
— ಓದುಗರು, ಬ್ರಾಂಪ್ಟನ್

ನಮಸ್ಕಾರ ಮೇಡಂ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಉಳಿದುಬಿಡುವ ಯೋಚನೆ ಈಗಲೇ ಇದ್ದರೆ ಈ ಯೋಜನೆಗೆ ಸೇರಬೇಡಿ. ಎಷ್ಟು ದಿನ ರಜೆ ತಗೊಂಡಿರೋ ಕಡಿಮೆಯೆಂದರೆ ಅಷ್ಟು ದಿನ ವಾಪಸ್ ಬಂದು ಕೆಲಸ ಮಾಡಬೇಕು ಅನ್ನುತ್ತದೆ ಕೆನಡಾದ ಆದಾಯ ತೆರಿಗೆ ನಿಯಮ. ನಿವೃತ್ತಿಗೆ ಮುಂಚಿನ ಕೊನೆಯ ವರ್ಷವನ್ನು ಹೀಗೆ ಕಳೆಯುವಂತಿಲ್ಲ.

ಇಷ್ಟು ಬಿಗಿ ಯಾಕೆ ಅಂದರೆ, ಇದರಲ್ಲಿ ಸಿಗುವ ಅನುಕೂಲ ಬೋರ್ಡ್ ಕೊಡುವುದಲ್ಲ, ಸರ್ಕಾರ ಬಿಟ್ಟುಕೊಡುವುದು. ರಜೆ ವರ್ಷದ ಸಂಬಳ ನಿಮ್ಮದೇ ದುಡ್ಡು. ಆದರೆ ಎತ್ತಿಟ್ಟ ಆ ಭಾಗಕ್ಕೆ ಗಳಿಸಿದ ವರ್ಷ ತೆರಿಗೆ ಇಲ್ಲ, ಕೈಗೆ ಬಂದ ವರ್ಷ ಕಟ್ಟಬೇಕು. ನಿಮ್ಮ ಆದಾಯದಲ್ಲಿ ಜಾಸ್ತಿ ದರದ ತೆರಿಗೆ ಬೀಳುವ ಮೇಲಿನ ಪದರವೇ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಸಂಬಳ ಶೇ. 20 ಇಳಿದರೂ ಕೈಗೆ ಬರುವುದು ಅಷ್ಟು ಇಳಿಯುವುದಿಲ್ಲ. ಎತ್ತಿಟ್ಟ ಹಣದ ಬಡ್ಡಿ ಮಾತ್ರ ವರ್ಷವರ್ಷವೂ ನಿಮಗೆ ಬರುತ್ತದೆ, ಅದಕ್ಕೆ ಆಯಾ ವರ್ಷವೇ ತೆರಿಗೆ.

ಈಗ ಲೆಕ್ಕ ನೋಡೋಣ. ನಿಮ್ಮ ಸಂಬಳ ನಾಲ್ಕು ವರ್ಷಗಳಲ್ಲಿ 84, 87, 90, 93 ಸಾವಿರ ಡಾಲರ್ ಅಂದುಕೊಳ್ಳಿ. ಪ್ರತಿ ವರ್ಷ ಐದನೇ ಒಂದು ಭಾಗ ಎತ್ತಿಟ್ಟರೆ ಕೊನೆಗೆ ಕೂಡುವುದು 70,800. ಆದರೆ ನಾಲ್ಕನೇ ವರ್ಷ ನೀವು ಬದುಕಿದ್ದು 74,400ರಲ್ಲಿ. ರಜೆ ವರ್ಷ ಅಷ್ಟೇ ಬರುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಬರುವುದಿಲ್ಲ. ಹಳೆಯ, ಕಡಿಮೆ ಸಂಬಳದ ವರ್ಷಗಳಲ್ಲಿ ಕೂಡಿಟ್ಟ ಹಣ ಅದು. ಇದರ ಮೇಲೆ, ರಜೆಯಲ್ಲಿ ಆರೋಗ್ಯ ವಿಮೆಯ ಪೂರ್ತಿ ಕಂತು ನಿಮ್ಮ ತಲೆಗೇ ಬರುವ ಬೋರ್ಡ್‌ಗಳಿವೆ. ಆ ವರ್ಷ ಪೆನ್ಷನ್‌ನ ಸೇವೆಗೆ ಸೇರುತ್ತದಾ, ದುಡ್ಡು ಕಟ್ಟಿ ಸೇರಿಸಿಕೊಳ್ಳಬೇಕಾ ಅನ್ನುವುದನ್ನೂ ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ.

ಮೈಸೂರಲ್ಲಿ ಪಾಠ ಹೇಳಿ ದುಡಿಯಬಹುದಾ ಅಂದಿರಿ. ಈ ನಿಯಮ ಅದಕ್ಕೆ ಅಡ್ಡ ಬರುವುದಿಲ್ಲ. ಅದು ತಡೆಯುವುದು ನಿಮ್ಮದೇ ಬೋರ್ಡ್‌ನಿಂದ ಬೇರೆ ಸಂಬಳ ತಗೊಳ್ಳುವುದನ್ನು. ನಾನೂ ಒಂದು ಕಾಲಕ್ಕೆ ಕೆನಡಾದಲ್ಲಿ ಟೀಚರ್ ಆಗಿದ್ದೆ, ಇದೇ ರಜೆ ತಗೊಂಡಿದ್ದೆ. ಊರಿನಿಂದ ಮಾರ್ಚ್‌ನಲ್ಲೇ ವಾಪಸ್ ಬಂದಿದ್ದೆ. ಶಾಲೆಯಿಂದ ಫೋನ್ ಬಂತು, ‘ಎರಡು ದಿನ ಬೇರೆಯವರ ಬದಲಿಗೆ ಸಪ್ಲೈ ಟೀಚರ್ ಆಗಿ ಬರ್ತೀರಾ’ ಅಂತ. ಹೂಂ ಅಂದು ಚೀಲಕ್ಕೆ ಊಟದ ಡಬ್ಬಿಯನ್ನೂ ಹಾಕಿಕೊಂಡಿದ್ದೆ. ಬೆಳಿಗ್ಗೆ ಏಳಕ್ಕೆ ಯೂನಿಯನ್‌ನ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ತಡೆದರು. ಕರೆದವರಿಗೂ ನಿಯಮ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಮ್ಮನ ವಯಸ್ಸು. ಫೋರ್ ಓವರ್ ಫೈವ್ ಅಂದರೆ ನೀವು ಮನೆ ತಲುಪುವಾಗ ಅವರಿಗೆ 82. ನಾಲ್ಕು ವರ್ಷವೇ ಕಾಯಬೇಕೆಂದು ಕಾನೂನೇನೂ ಹೇಳುವುದಿಲ್ಲ. ಒಂದು ವರ್ಷದಲ್ಲಿ ಸಂಬಳದ ಮೂರನೇ ಒಂದು ಭಾಗದವರೆಗೆ ಎತ್ತಿಡಬಹುದು, ಆರು ವರ್ಷದೊಳಗೆ ರಜೆ ಶುರುವಾಗಬೇಕು, ರಜೆ ಒಂದೇ ಸಮನೆ ಆರು ತಿಂಗಳಾದರೂ ಇರಬೇಕು. ಓದಲು ಹೋಗುವವರಿಗೆ ಮಾತ್ರ ಮೂರು ತಿಂಗಳು ಸಾಕು. ಇಷ್ಟರೊಳಗೆ ‘ಟೂ ಓವರ್ ಥ್ರೀ’ ಕೂಡ ಸಾಧ್ಯ. ಅದೇ 84 ಮತ್ತು 87 ಸಾವಿರದಲ್ಲಿ ಮೂರನೇ ಒಂದು ಭಾಗ ಅಂದರೆ 28 ಮತ್ತು 29, ಎರಡೂ ಸೇರಿ 57,000. ಎರಡು ವರ್ಷ ಕೈ ಬಿಗಿಯಾಗುತ್ತದೆ ನಿಜ. ಆದರೆ ಅಮ್ಮನಿಗೆ 80 ಆಗುವಾಗ ನೀವು ಅಲ್ಲಿರುತ್ತೀರಿ. ಮನೆಯಲ್ಲಿ ಇನ್ನೊಂದು ಸಂಬಳ ಇದ್ದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ನಿಮ್ಮ ಬೋರ್ಡ್‌ನ ಒಪ್ಪಂದದಲ್ಲಿ ಇದಕ್ಕೆ ಅವಕಾಶ ಇದೆಯಾ, ಅರ್ಜಿಗೆ ಕೊನೆಯ ದಿನ ಯಾವುದು ಅಂತ ಮೊದಲು ನೋಡಿ.

ನಡುವೆ ಅಮ್ಮನಿಗೆ ಹುಷಾರು ತಪ್ಪಿ ಯೋಜನೆಯಿಂದ ಹೊರಬರಬೇಕಾದರೆ ಕೂಡಿಟ್ಟದ್ದು ಒಟ್ಟಿಗೆ ಕೈಗೆ ಬರುತ್ತದೆ, ಅಷ್ಟಕ್ಕೂ ಅದೇ ವರ್ಷ ತೆರಿಗೆ ಬೀಳುತ್ತದೆ. ತೆರಿಗೆ ಜಾಸ್ತಿಯಾದೀತು, ಹಣವೇನೂ ಮುಳುಗುವುದಿಲ್ಲ. ಅಂಥ ಹೊತ್ತಿನಲ್ಲಿ ಲೆಕ್ಕ ನೋಡುತ್ತಾ ಕೂರಬೇಡಿ, ಟಿಕೆಟ್ ತಗೊಂಡು ಹೊರಡಿ.

— ಸಂಪಾದಕ