ರೆಪೊ ದರ: ಆರು ಮೆಟ್ಟಿಲು ಯಾಕೆ?

"2022-23ರಲ್ಲಿ ರೆಪೊ 4ರಿಂದ 6.5ಕ್ಕೆ ಹೋಗೋದೇ ಆಗಿತ್ತಲ್ಲ, ಒಂದೇ ಸಲ ಏರಿಸಿ ಮುಗಿಸಬಹುದಿತ್ತಲ್ವಾ? ಆರು ಸಲ ಯಾಕೆ ಬರೆ ಹಾಕಿದರು?"

ಅಣ್ಣ, ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಈ ಬಡ್ಡಿ 6.5ಕ್ಕೆ ನಿಲ್ಲುತ್ತದೆ ಅಂತ, ಏರಿಕೆ ಶುರುವಾದ 2022ರ ಮೇ ತಿಂಗಳಲ್ಲಿ ಆರ್‌ಬಿಐಗೇ ಗೊತ್ತಿರಲಿಲ್ಲ. ನಮಗೆ ಗೊತ್ತಾಗಿದ್ದು ಆಮೇಲೆ. ಬೆಲೆಯೇರಿಕೆ ಅವರು ಕಾಯಬೇಕಾದ 6%ರ ಮಿತಿ ದಾಟಿತ್ತು ನಿಜ. ಆದರೆ ಅದರಲ್ಲಿ ಉಕ್ರೇನ್ ಯುದ್ಧದ ಪಾಲು ಎಷ್ಟು, ಬಡ್ಡಿಯಿಂದ ಇಳಿಯುವ ಪಾಲು ಎಷ್ಟು, ಯಾರಿಗೆ ಗೊತ್ತು?

ಬಡ್ಡಿಯ ಪರಿಣಾಮ ನಿಧಾನ. ರೆಪೊಗೆ ಜೋಡಿಸಿದ ಸಾಲವೇ ಬದಲಾಗಲು ಮೂರು ತಿಂಗಳವರೆಗೆ ಹಿಡಿಯುತ್ತದೆ, ಬ್ಯಾಂಕಿನ ಸ್ವಂತ ವೆಚ್ಚ ನೋಡಿ ದರ ಕಟ್ಟುವ ಹಳೇ ಎಂಸಿಎಲ್ಆರ್ ಸಾಲಕ್ಕೆ ವರ್ಷವೂ ಆಗಬಹುದು. ಆಮೇಲೆ ಜನ ಖರ್ಚು ಕಡಿಮೆ ಮಾಡಬೇಕು, ಅಂಗಡಿಯಲ್ಲಿ ದರ ಏರೋದು ನಿಧಾನ ಆಗಬೇಕು. ಹೊಸ ಔಷಧಿಯ ಪ್ರಮಾಣ ಗೊತ್ತಿಲ್ಲದಾಗ ಇಡೀ ತೋಟಕ್ಕೆ ಪೂರ್ತಿ ಡೋಸ್ ಹೊಡೀತೀರಾ? ಅರ್ಥಶಾಸ್ತ್ರಜ್ಞ ವಿಲಿಯಂ ಬ್ರೈನಾರ್ಡ್ 1967ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಮದ್ದಿನ ಶಕ್ತಿ ಖಚಿತವಿಲ್ಲದಿದ್ದರೆ ಕೈ ಹಿಡಿದು ಹಾಕು.

ಸಾಲಗಾರರಿಗೆ ಕಷ್ಟ ಆಗದಿರಲಿ ಅಂತ ಹೀಗೆ ಮಾಡಿದರು ಅಂತ ಒಬ್ಬರು ಅಕ್ಕ ಬರೆದಿದ್ದಾರೆ. ಅರ್ಧ ಸರಿ. 20 ಲಕ್ಷದ ಮನೆ ಸಾಲ, 20 ವರ್ಷ, 7% ಬಡ್ಡಿ ಅಂದರೆ ಇಎಂಐ ಸುಮಾರು 15,506. ಬಡ್ಡಿ 9.5% ಆದರೆ ತಿಂಗಳ ಬಡ್ಡಿಯೇ 15,833! ಕಂತು ಹಾಗೇ ಇಟ್ಟರೆ ಅಸಲು ಇಳಿಯೋದು ಹಾಗಿರಲಿ, ಬೆಳೆಯುತ್ತದೆ. ಒಂಬತ್ತು ತಿಂಗಳಲ್ಲಿ ಮೆಟ್ಟಿಲು ಹತ್ತಿ ಬಂದರೂ ಕೊನೆಗೆ ನಿಲ್ಲೋದು ಇಲ್ಲೇ, ಅಷ್ಟರಲ್ಲಿ ಅಸಲು ಕರಗಿರೋದು ಅಷ್ಟಕ್ಕಷ್ಟೇ. ಸಿಗೋದು ಸ್ವಲ್ಪ ಕಾಲಾವಕಾಶ, ರಿಯಾಯಿತಿ ಅಲ್ಲ. ಅದಕ್ಕಿಂತ ಜಾಸ್ತಿ ಉಸಿರಾಡೋದು ಬ್ಯಾಂಕುಗಳು. ಬಡ್ಡಿ ಏರಿದರೆ ಅವರ ಕೈಲಿರುವ ಹಳೇ ಸರ್ಕಾರಿ ಬಾಂಡುಗಳ ಬೆಲೆ ಬೀಳುತ್ತದೆ. ಒಂದೇ ದಿನ 2.5 ಏರಿದ್ದರೆ ಆ ನಷ್ಟ ಎಲ್ಲ ಬ್ಯಾಂಕಿಗೂ ಒಟ್ಟಿಗೇ ಬಡಿಯುತ್ತಿತ್ತು.

ಇನ್ನು "ನನ್ನ ಬೆಳೆ ಸಾಲಕ್ಕೆ ಒಂದು ಪೈಸೆಯೂ ಏರಲಿಲ್ಲ, ಎಲ್ಲ ಸುಳ್ಳು" ಅಂದವರಿಗೆ: ನಿಮ್ಮದು ಕಿಸಾನ್ ಕಾರ್ಡ್ ಸಾಲ. ಆಗ 3 ಲಕ್ಷದವರೆಗೆ 7%, ಸಮಯಕ್ಕೆ ಕಟ್ಟಿದರೆ 4% ಇತ್ತು. ಅದು ಸರ್ಕಾರದ ಸಹಾಯಧನದ ದರ, ರೆಪೊ ಜೊತೆ ಕುಣಿಯಲ್ಲ.

ಎಲ್ಲ ಸಲವೂ ಮೆಟ್ಟಿಲು ಒಂದೇ ಎತ್ತರ ಇರಲಿಲ್ಲ, ನೋಡಿ: 0.40, ಮೂರು ಸಲ 0.50, ಡಿಸೆಂಬರ್‌ನಲ್ಲಿ 0.35, 2023ರ ಫೆಬ್ರವರಿಯಲ್ಲಿ 0.25. ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಶುರು ಮಾಡಿದ್ದೇ ತಡ ಆಯ್ತು ಅನ್ನೋರೂ ಇದ್ದಾರೆ. ನನಗೂ ಹಾಗೇ ಅನಿಸುತ್ತದೆ, ಮೊದಲೇ ಶುರು ಮಾಡಿದ್ದರೆ 0.50ರ ಹೆಜ್ಜೆಗಳೇ ಬೇಕಿರಲಿಲ್ಲವೇನೋ. ಬೇರೆಯವರು ಒಪ್ಪಲಿಕ್ಕಿಲ್ಲ.

ಮನೆ ಸಾಲ ಇರೋರು ಈ ವಾರವೇ ಸ್ಟೇಟ್‌ಮೆಂಟ್ ತೆಗೆಸಿ, ಕಂತು ಏರಿಸಿದ್ದಾರಾ ಅವಧಿ ಎಳೆದಿದ್ದಾರಾ ನೋಡಿಕೊಳ್ಳಿ.